ಬಾಗಿಲು ಕಾಯುವ ಚಿಪ್ಪನ್ನು ಎಬ್ಬಿಸುವುದು ಯಾವುದರಿಂದ: ಪಿನ್ನೋ, ವಾಚ್‌ಡಾಗೋ?

ಎಟಿಮೆಗಾ328ಪಿ ಚಿಪ್ಪನ್ನು ಪವರ್-ಡೌನ್ ನಿದ್ದೆಗೆ ಕಳಿಸಿ, ವಾಚ್‌ಡಾಗ್ ಟೈಮರ್, ಎಡಿಸಿ, ಬ್ರೌನ್-ಔಟ್ ಎಲ್ಲ ಆರಿಸಿದರೆ 3 ವೋಲ್ಟ್‌ನಲ್ಲಿ ಅದು ಎಳೆಯುವುದು 1 ಮೈಕ್ರೊಆಂಪಿಯರ್‌ಗಿಂತ ಕಡಿಮೆ. ಆದರೆ ಅದಕ್ಕೆ ಬಾಗಿಲು ಕಾಯುವ ಕೆಲಸ ಕೊಟ್ಟ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. ಒಂದೇ ಬೋರ್ಡಿಗೆ ಒಂದು ರೀಡ್ ಸ್ವಿಚ್, ಒಂದು ಸಿಆರ್2032 ಸೆಲ್ ಹಾಕಿ, ಎಬ್ಬಿಸುವ ದಾರಿ ಮಾತ್ರ ಬದಲಿಸಿ ನೋಡಿದ ಹೋಲಿಕೆ ಇದು.

ಮೊದಲನೆಯದು ಎಲ್ಲರೂ ಮಾಡುವ ಜೋಡಣೆ: ರೀಡ್ ಸ್ವಿಚ್ಚಿನ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ಪಿನ್ನಿಗೆ, ಒಳಗಿನ ಪುಲ್-ಅಪ್ ಆನ್, ಪಿನ್-ಚೇಂಜ್ ಇಂಟರಪ್ಟ್. ಬಾಗಿಲು ತೆರೆದ ಕ್ಷಣವೇ ಚಿಪ್ ಏಳುತ್ತದೆ, ದೂರಲು ಏನೂ ಇಲ್ಲ. ಮೀಟರ್ ಮಾತ್ರ 85 ಮೈಕ್ರೊಆಂಪಿಯರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ್ದಾಗ ಅಯಸ್ಕಾಂತ ಹತ್ತಿರವಿದ್ದು ಸ್ವಿಚ್ ಕೂಡಿರುತ್ತದೆ. ಆಗ ಪುಲ್-ಅಪ್ ಮೂಲಕ ಕರೆಂಟ್ ನೇರ ಗ್ರೌಂಡ್‌ಗೆ ಹರಿಯುತ್ತದೆ, ಅದೂ ದಿನದ ಬಹುಪಾಲು. ಈ ಪುಲ್-ಅಪ್ 20ರಿಂದ 50 ಕಿಲೊಓಮ್ ನಡುವೆ ಎಲ್ಲಾದರೂ ಇರಬಹುದು. 35 ಎಂದಿಟ್ಟುಕೊಂಡರೆ 3 ಭಾಗಿಸು 35,000, ಅಂದರೆ ಸುಮಾರು 85 ಮೈಕ್ರೊಆಂಪಿಯರ್. ಸುಮಾರು 220 ಮಿಲಿಆಂಪಿಯರ್-ಗಂಟೆಯ ಸೆಲ್ ಮೂರೂವರೆ ತಿಂಗಳಲ್ಲಿ ಖಾಲಿ. ಚಿಪ್ ನಿದ್ದೆ ಮಾಡುತ್ತಿಲ್ಲ ಎಂದು ಕೋಡ್ ಹುಡುಕುತ್ತ ಕೂರುವವರೇ ಹೆಚ್ಚು. ಚಿಪ್ ಮಲಗಿಯೇ ಇದೆ, ಸೋರುತ್ತಿರುವುದು ಪಿನ್.

ಎರಡನೆಯದು: ಒಳಗಿನ ಪುಲ್-ಅಪ್ ತೆಗೆದು ಹೊರಗೆ 1 ಮೆಗಾಓಮ್ ರೆಸಿಸ್ಟರ್. ಸೋರಿಕೆ 3 ಮೈಕ್ರೊಆಂಪಿಯರ್‌ಗೆ ಇಳಿಯುತ್ತದೆ, ಎಚ್ಚರ ಮೊದಲಿನಷ್ಟೇ ಚುರುಕು. ಒಣ ಜಾಗದಲ್ಲಿ, ಗಿಡ್ಡ ತಂತಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತಂತಿ ಉದ್ದವಾದರೆ ಸುತ್ತಲಿನ ವಿದ್ಯುತ್ ಸದ್ದು ಹಿಡಿದು ಸುಮ್ಮಸುಮ್ಮನೆ ಏಳುತ್ತದೆ. ಪಿನ್ನಿಗೂ ಗ್ರೌಂಡ್‌ಗೂ ನಡುವೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ತೇವ ಇದಕ್ಕಿಂತ ಕೆಟ್ಟದ್ದು. ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ ತಾನೇ 1 ಮೆಗಾಓಮ್ ದಾರಿಯಾದರೆ, ಬಾಗಿಲು ತೆರೆದಿದ್ದಾಗ ಪಿನ್ 3 ವೋಲ್ಟ್‌ಗೆ ಏರದೆ ಒಂದೂವರೆಯಲ್ಲಿ ನೇತಾಡುತ್ತದೆ. ನಿದ್ದೆಯಲ್ಲಿ ಈ ಚಿಪ್ ಉಳಿದ ಪಿನ್ನುಗಳ ಇನ್‌ಪುಟ್ ಬಫರ್‌ಗಳನ್ನು ಮುಚ್ಚಿಬಿಡುತ್ತದೆ. ಎಬ್ಬಿಸಲೆಂದು ನೇಮಿಸಿದ ಪಿನ್ನಿನದನ್ನು ಮಾತ್ರ ತೆರೆದಿಡಲೇಬೇಕು. ಅರ್ಧ ವೋಲ್ಟೇಜಿನಲ್ಲಿ ಆ ಬಫರ್‌ನ ಮೇಲಿನ, ಕೆಳಗಿನ ಟ್ರಾನ್ಸಿಸ್ಟರ್‌ಗಳೆರಡೂ ಅರೆಬರೆ ತೆರೆದು ತಾವೇ ಕರೆಂಟ್ ತಿನ್ನುತ್ತವೆ. ಕಾವಲಿಗೆ ಇಟ್ಟ ಪಿನ್ನೇ ಕಳ್ಳನಾಗುವುದು ಹೀಗೆ. ಬಾಗಿಲು ತೆರೆದಿಟ್ಟು ಪಿನ್ನಿನ ವೋಲ್ಟೇಜ್ ನೋಡಿ: 10 ಮೆಗಾಓಮ್ ಮೀಟರ್ ತಾನೇ ಸ್ವಲ್ಪ ಎಳೆಯುವುದರಿಂದ 2.7 ಬಂದರೆ ಸರಿಯೇ, ಅದಕ್ಕಿಂತ ತೀರಾ ಕೆಳಗಿದ್ದರೆ ಬೋರ್ಡ್ ತೊಳೆಯಬೇಕು.

ಮೂರನೆಯದರಲ್ಲಿ ಪಿನ್ ಇಂಟರಪ್ಟ್ ಇಲ್ಲವೇ ಇಲ್ಲ. ವಾಚ್‌ಡಾಗ್ 8 ಸೆಕೆಂಡಿಗೊಮ್ಮೆ ಎಬ್ಬಿಸುತ್ತದೆ, ಕೋಡ್ ಪುಲ್-ಅಪ್ ಅನ್ನು ಕಣ್ಣು ಮಿಟುಕಿಸುವಷ್ಟೂ ಇಲ್ಲದ ಹೊತ್ತು ಹಾಕಿ ಇಣುಕುತ್ತದೆ:

```c
PORTD |= (1 << PD2);
_delay_us(20);
uint8_t open = PIND & (1 << PD2);
PORTD &= ~(1 << PD2);
```

ಪಿನ್‌ ಸೋರಿಕೆ ಇಲ್ಲಿ ಲೆಕ್ಕಕ್ಕೇ ಬಾರದು. ಪುಲ್-ಅಪ್ ತೆಗೆದ ಮೇಲೆ ಪಿನ್ ತೇಲಾಡಿದರೂ ಚಿಂತೆಯಿಲ್ಲ, ನಿದ್ದೆಯಲ್ಲಿ ಅದರ ಬಫರ್ ಮುಚ್ಚಿರುತ್ತದೆ. ಆದರೆ ವಾಚ್‌ಡಾಗೇ 4ರಿಂದ 5 ಮೈಕ್ರೊಆಂಪಿಯರ್ ಕೇಳುತ್ತದೆ, ಅಂದರೆ 1 ಮೆಗಾಓಮ್ ದಾರಿಗಿಂತ ತುಸು ದುಬಾರಿ. ಬಾಗಿಲು 5 ಸೆಕೆಂಡ್ ತೆರೆದು ಮುಚ್ಚಿದರೆ ಗೊತ್ತೇ ಆಗದಿರಬಹುದು. ಮೊದಲು ಹಾಕಿದ್ದ 10 ನ್ಯಾನೊಫ್ಯಾರಡ್ ಹಾಗೇ ಉಳಿದಿದ್ದರೆ 20 ಮೈಕ್ರೊಸೆಕೆಂಡಿನಲ್ಲಿ ಪಿನ್ ಏರುವುದಿಲ್ಲ, ಬಾಗಿಲು ಸದಾ ಮುಚ್ಚಿದಂತೆ ಕಾಣುತ್ತದೆ. ಕೆಪಾಸಿಟರ್ ತೆಗೆಯಿರಿ, ಇಲ್ಲವೇ 2 ಮಿಲಿಸೆಕೆಂಡ್ ಕಾಯಿರಿ.

ಇವೆಲ್ಲಕ್ಕಿಂತ ನನಗೆ ಒಪ್ಪಿಗೆಯಾದದ್ದು ಸ್ವಿಚ್ಚನ್ನೇ ಬದಲಿಸುವುದು. ಮೂರು ಕಾಲಿನ ಚೇಂಜ್-ಓವರ್ ರೀಡ್ ತಂದು, ಅಯಸ್ಕಾಂತ ಹತ್ತಿರವಿದ್ದಾಗ ಬಿಡಿಸಿಕೊಳ್ಳುವ ಜೋಡಿ ಕಾಲುಗಳನ್ನು ಬಳಸಿದರೆ, ಬಾಗಿಲು ಮುಚ್ಚಿದ್ದಷ್ಟು ಹೊತ್ತು ಕರೆಂಟಿಗೆ ದಾರಿಯೇ ಇಲ್ಲ. ಒಳಗಿನ ಪುಲ್-ಅಪ್ ಧಾರಾಳ ಗಟ್ಟಿಯಾದ್ದರಿಂದ ತೇವ, ಸದ್ದು ಎರಡಕ್ಕೂ ಜಗ್ಗುವುದಿಲ್ಲ. ಆ 85 ಹರಿಯುವುದು ಬಾಗಿಲು ತೆರೆದಾಗ ಮಾತ್ರ. ಹಗಲಿಡೀ ತೆರೆದೇ ಇರುವ ಬಾಗಿಲಿಗೆ ಮಾತ್ರ ಇದು ಬೇಡ.

ಅಳೆಯುವಾಗ ಸೆಲ್ಲಿಗೆ ಸರಣಿಯಲ್ಲಿ 1 ಕಿಲೊಓಮ್ ಇಡಿ, ಪ್ರತಿ ಮಿಲಿವೋಲ್ಟ್ ಒಂದು ಮೈಕ್ರೊಆಂಪಿಯರ್. ಎದ್ದಾಗ ಚಿಪ್ ಕೆಲವು ಮಿಲಿಆಂಪಿಯರ್ ಎಳೆದು ರೀಸೆಟ್ ಆಗದಂತೆ ಚಿಪ್ಪಿನ ಬದಿಗೆ 10 ಮೈಕ್ರೊಫ್ಯಾರಡ್ ಸೆರಾಮಿಕ್ ಇರಲಿ, ಹೆಚ್ಚು ಹೊತ್ತು ಎಚ್ಚರವಿರುವ ಕೋಡ್ ಆದರೆ ಮಲಗುವವರೆಗೆ ರೆಸಿಸ್ಟರನ್ನು ಜಂಪರ್‌ನಿಂದ ಶಾರ್ಟ್ ಮಾಡಿರಿ. ಬಂದ ಅಂಕಿಯಿಂದ 3 ವೋಲ್ಟನ್ನು ಭಾಗಿಸಿದರೆ ಸೋರುವ ದಾರಿಯ ಗುರುತು ಸಿಗುತ್ತದೆ: 35 ಕಿಲೊಓಮ್ ಆಸುಪಾಸು ಬಂದರೆ ಒಳಗಿನ ಪುಲ್-ಅಪ್, ಸರಣಿಯ 1 ಕಿಲೊಓಮ್ ಸೇರಿ 11 ಬಂದರೆ ಹೊರಗಿನ 10 ಕಿಲೊಓಮ್ ಪುಲ್-ಅಪ್ ಇರುವ ಯಾವುದೋ ಪಿನ್ನನ್ನು ಲೋ ಮಾಡಿ ಮಲಗಿಸಿದ್ದೀರಿ.