ಗಡಿಯಲ್ಲಿ ನಡುಗುವ ಕಾವಲುಗಾರ: ಟೈಮರ್ ಬೀಗ, ಎರಡು ಗೆರೆ, ಗುಮಾನಿ ಮೀಟರ್ ಮೂರನ್ನೂ ಹಾಕಿ ನೋಡಿದೆ

ನನ್ನ ಟಾಪ್-ಡೌನ್ ಆಟದಲ್ಲಿ ಒಬ್ಬ ಕಾವಲುಗಾರ ಇದ್ದಾನೆ. ಅವನಿಗೆ ಇರುವುದು ಎರಡೇ ಸ್ಟೇಟ್. ಐಡಲ್‌ನಲ್ಲಿ ತನ್ನ ನೆಲೆಯ ಸುತ್ತ ಗಸ್ತು ತಿರುಗುತ್ತಾನೆ, ದೂರ ಹೋಗಿದ್ದರೆ ನೆಲೆಗೆ ವಾಪಸ್ ನಡೆಯುತ್ತಾನೆ. ಚೇಸ್‌ನಲ್ಲಿ ಆಟಗಾರನ ಹಿಂದೆ ಓಡುತ್ತಾನೆ. 200 ಪಿಕ್ಸೆಲ್ ಒಳಗೆ ಆಟಗಾರ ಕಂಡರೆ ಚೇಸ್ ಶುರು. ಆಟಗಾರ ಕಾಣದಾದರೆ, ಇಲ್ಲವೇ ತಾನು ನೆಲೆಯಿಂದ 300 ಪಿಕ್ಸೆಲ್ ದಾಟಿದರೆ ಬೆನ್ನಟ್ಟುವುದನ್ನು ಬಿಟ್ಟು ಐಡಲ್. ಈ 300ರ ಮಿತಿ ಇಲ್ಲದಿದ್ದರೆ ಅವನನ್ನು ಮ್ಯಾಪಿನ ಇನ್ನೊಂದು ತುದಿಯವರೆಗೂ ಎಳೆದುಕೊಂಡು ಹೋಗಬಹುದು.

ಆಟಗಾರನನ್ನು ಮೊದಲು ಕಾವಲುಗಾರನ ಕಣ್ಣಿಗೆ ಬೀಳಿಸಿ, ನೆಲೆಯಿಂದ 320 ಪಿಕ್ಸೆಲ್ ದೂರಕ್ಕೆ ಓಡಿಸಿ ಸುಮ್ನೆ ನಿಲ್ಲಿಸಿದೆ. ಕಾವಲುಗಾರ ಓಡಿ ಬಂದ, 300ರ ಹತ್ತಿರ ನಿಂತು ನಡುಗಲು ಶುರು ಮಾಡಿದ. ಓಡುವ ಅನಿಮೇಶನ್ ಮೊದಲ ಚಿತ್ರದಲ್ಲೇ ಸಿಕ್ಕಿಕೊಂಡಿತು. ಎಚ್ಚರಿಕೆಯ ಶಬ್ದ ಒಂದರ ಮೇಲೊಂದು ಬಿದ್ದು ಕರ್ಕಶವಾಯಿತು.

ಕಣ್ಣಳತೆಯ ತೊಂದರೆ ಇರಬೇಕು ಎಂದುಕೊಂಡು 200 ಇದ್ದದ್ದನ್ನು 260 ಮಾಡಿದೆ. ಏನೂ ಬದಲಾಗಲಿಲ್ಲ. ಆಮೇಲೆ ಸ್ಟೇಟ್ ಬದಲಾದಾಗಲೆಲ್ಲ ಫ್ರೇಮ್ ನಂಬರ್ ಮತ್ತು ನೆಲೆಯಿಂದ ಇರುವ ದೂರವನ್ನು ಪ್ರಿಂಟ್ ಮಾಡಿಸಿದೆ. ಆಗ ಕಂಡಿದ್ದು ಇದು:

```
1412 IDLE  -> CHASE  home=299.2
1413 CHASE -> IDLE   home=301.2
1414 IDLE  -> CHASE  home=299.2
1415 CHASE -> IDLE   home=301.2
```

ಅವನ ವೇಗ ಎರಡೂ ಸ್ಟೇಟ್‌ನಲ್ಲಿ ಸೆಕೆಂಡಿಗೆ 120 ಪಿಕ್ಸೆಲ್. Godot ನಲ್ಲಿ `_physics_process` ಸೆಕೆಂಡಿಗೆ 60 ಸಲ ಓಡುತ್ತದೆ, ಅಂದರೆ ಒಂದು ಫ್ರೇಮಿಗೆ 2 ಪಿಕ್ಸೆಲ್. ಚೇಸ್ ಅವನನ್ನು ಗೆರೆಯ ಆಚೆಗೆ 2 ಪಿಕ್ಸೆಲ್ ತಳ್ಳುತ್ತದೆ, ಐಡಲ್ ಒಳಗೆ 2 ಪಿಕ್ಸೆಲ್ ಎಳೆಯುತ್ತದೆ. ಪ್ರತಿಯೊಂದು ಸ್ಟೇಟ್ ಮಾಡುವ ಕೆಲಸವೇ ಆ ಸ್ಟೇಟ್‌ಗೆ ಬೇಕಾದ ಷರತ್ತನ್ನು ಮುರಿಯುತ್ತಿದೆ. ಕಣ್ಣಳತೆಯ ಅಂಚಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಚೇಸ್ ಶುರುವಾದರೆ ಅವನು ಆಟಗಾರನ ಹತ್ತಿರ ಹೋಗುತ್ತಾನೆ, ಷರತ್ತು ಇನ್ನಷ್ಟು ಗಟ್ಟಿಯಾಗುತ್ತದೆ. ನಾನು 260 ಮಾಡಿದ್ದು ಯಾಕೆ ಕೆಲಸಕ್ಕೆ ಬರಲಿಲ್ಲ ಎಂದು ಆಗ ಗೊತ್ತಾಯಿತು.

ಮೊದಲು ಹಾಕಿದ್ದು ಟೈಮರ್ ಬೀಗ. ಯಾವ ಸ್ಟೇಟ್‌ಗೆ ಬಂದರೂ ಕನಿಷ್ಠ ಅರ್ಧ ಸೆಕೆಂಡ್ ಅಲ್ಲೇ ಇರಬೇಕು ಎಂಬ ನಿಯಮ. ಮೂರು ಸಾಲಿನ ಕೋಡ್. ಮೊದಲ ಸಲ ಓಡಿಸಿದಾಗ ನಡುಕ ನಿಂತೇ ಹೋಯಿತು ಎನ್ನಿಸಿತು. ಆದರೆ ಲಾಗ್ ನೋಡಿದರೆ ಬೇರೆಯೇ ಕಥೆ. ಆಟಗಾರ 359ಕ್ಕಿಂತ ದೂರದಲ್ಲಿ ನಿಂತಿದ್ದು 299ರಲ್ಲಿ ಚೇಸ್ ಶುರುವಾದರೆ, ಬೀಗ ಬಿಚ್ಚುವಷ್ಟರಲ್ಲಿ ಅವನು 60 ಪಿಕ್ಸೆಲ್ ಓಡಿ 359ಕ್ಕೆ ತಲುಪುತ್ತಾನೆ. ಅಲ್ಲಿಂದ ಅರ್ಧ ಸೆಕೆಂಡ್ ವಾಪಸ್ ನಡೆದು ಮತ್ತೆ 299. ಮತ್ತೆ ಚೇಸ್. ಫ್ರೇಮಿಗೊಮ್ಮೆ ಆಗುತ್ತಿದ್ದ ಓಲಾಟ ಸೆಕೆಂಡಿಗೊಮ್ಮೆ ಆಯಿತು, ಅಷ್ಟೇ. ಜೊತೆಗೆ 300ರ ಮಿತಿ ಹೆಸರಿಗೆ ಮಾತ್ರ ಉಳಿಯಿತು. ಮಿತಿ ಎಷ್ಟು ಮೀರುತ್ತಾನೆ ಎಂಬುದು ಅವನ ವೇಗದ ಮೇಲೆ ನಿಂತಿದೆ, ಹಾಗಾಗಿ ವೇಗದ ಶತ್ರುವಿಗೆ ಅದು ಇನ್ನೂ ಜಾಸ್ತಿ.

ನನಗೆ ಜಾಸ್ತಿ ಬೇಸರ ತಂದಿದ್ದು ಬೇರೆ ವಿಷಯ. ಐಡಲ್‌ಗೆ ಬಂದು ಬೀಗ ಬಿದ್ದ ಆ ಅರ್ಧ ಸೆಕೆಂಡಿನಲ್ಲಿ ಆಟಗಾರ ಅವನ ಮುಖದ ಎದುರಿಗೇ ಬಂದು ನಿಂತರೂ ಅವನಿಗೆ ಕಾಣುವುದಿಲ್ಲ. ಅರ್ಧ ಸೆಕೆಂಡ್ ಎಂದರೆ 30 ಫ್ರೇಮ್. ಆಡುವವರಿಗೆ ಅದು ಖಂಡಿತ ಗೊತ್ತಾಗುತ್ತದೆ. ಟೈಮರ್‌ಗೆ ಯಾವ ಬದಲಾವಣೆ ಮುಖ್ಯ, ಯಾವುದು ಬರೀ ಗಲಾಟೆ ಎಂಬ ಭೇದ ಗೊತ್ತಿಲ್ಲ. ಎರಡನ್ನೂ ತಡೆಯುತ್ತದೆ.

ಎರಡನೆಯದು ಹಿಸ್ಟರೆಸಿಸ್, ಅಂದರೆ ಒಂದು ಗೆರೆಯ ಬದಲು ಎರಡು ಗೆರೆ. ಹೊರಗೆ ಹೋಗಲು ಒಂದು, ವಾಪಸ್ ಬರಲು ಇನ್ನೊಂದು. ಎಲೆಕ್ಟ್ರಾನಿಕ್ಸ್‌ನಲ್ಲಿ ಶ್ಮಿಟ್ ಟ್ರಿಗರ್ ಮಾಡುವುದೂ ಇದನ್ನೇ. ಫ್ರಿಜ್‌ನ ಥರ್ಮೋಸ್ಟಾಟ್ ಕಂಪ್ರೆಸರನ್ನು ಒಂದು ತಾಪಮಾನದಲ್ಲಿ ಶುರು ಮಾಡಿ, ಅದಕ್ಕಿಂತ ಕಡಿಮೆ ಇನ್ನೊಂದು ತಾಪಮಾನದಲ್ಲಿ ನಿಲ್ಲಿಸುವುದೂ ಇದಕ್ಕೇ. ಎರಡು ಗೆರೆಯ ಮಧ್ಯೆ ಇದ್ದಾಗ ಈಗ ಯಾವ ಸ್ಟೇಟ್ ಇದೆಯೋ ಅದೇ ಮುಂದುವರಿಯುತ್ತದೆ.

ಅಂದಾಜಿನಲ್ಲಿ 300 ಮತ್ತು 220 ಇಟ್ಟೆ. 300 ದಾಟಿದರೆ ಐಡಲ್, ವಾಪಸ್ 220ರ ಒಳಗೆ ಬಂದ ಮೇಲಷ್ಟೇ ಮತ್ತೆ ಚೇಸ್ ಮಾಡಬಹುದು. ಮಿತಿ ಈಗ ಸರಿಯಾಗಿ ಉಳಿಯಿತು. ಆದರೆ ಆಟಗಾರ 320ರಲ್ಲಿ ನಿಂತೇ ಇದ್ದರೆ? ಕಾವಲುಗಾರ 220ಕ್ಕೆ ಬಂದಾಗ ಆಟಗಾರ ಅವನಿಂದ 100 ಪಿಕ್ಸೆಲ್ ದೂರದಲ್ಲಿ ಇದ್ದಾನೆ, ಕಣ್ಣಿಗೆ ಕಾಣುತ್ತಾನೆ. ಮತ್ತೆ ಚೇಸ್. 80 ಪಿಕ್ಸೆಲ್ ಹೋಗಲು 0.67 ಸೆಕೆಂಡ್, ಬರಲು ಅಷ್ಟೇ. 1.33 ಸೆಕೆಂಡಿಗೆ ಒಂದು ಸುತ್ತು. ನಡುಕ ಹೋಗಿ ಉಯ್ಯಾಲೆ ಬಂತು.

ಎರಡು ಗೆರೆ ಹಾಕಿದ ಕೂಡಲೇ ಓಲಾಟ ಹೋಗುತ್ತದೆ ಎಂದು ನಾನು ನಂಬಿದ್ದೆ. ಹಾಗಲ್ಲ. ಓಲಾಟ ನಿಧಾನವಾಗುತ್ತದೆ, ಅದು ಎಷ್ಟು ನಿಧಾನ ಎಂಬುದು ಗೆರೆಗಳ ಅಂತರವನ್ನು ವೇಗದಿಂದ ಭಾಗಿಸಿದರೆ ಸಿಗುತ್ತದೆ. ಪೂರ್ತಿ ನಿಲ್ಲಬೇಕಾದರೆ ಒಳಗಿನ ಗೆರೆಗೆ ಬಂದಾಗ ಚೇಸ್ ಮಾಡುವ ಕಾರಣವೇ ಉಳಿದಿರಬಾರದು. ಇದನ್ನು ಲೆಕ್ಕ ಹಾಕಬಹುದು. ಮಿತಿಯ ಆಚೆ ನಿಂತ ಆಟಗಾರ ನೆಲೆಯಿಂದ 300ಕ್ಕಿಂತ ದೂರದಲ್ಲೇ ಇರುತ್ತಾನೆ. ಕಣ್ಣಳತೆ 200. ಹಾಗಾದರೆ ಕಾವಲುಗಾರ 100ರ ಒಳಗೆ ಬಂದ ಮೇಲೆ ಅವನನ್ನು ನೋಡಲು ಸಾಧ್ಯವೇ ಇಲ್ಲ. ಒಳಗಿನ ಗೆರೆ ಎಂದರೆ ಮಿತಿಯಿಂದ ಕಣ್ಣಳತೆಯನ್ನು ಕಳೆದರೆ ಬರುವ ಸಂಖ್ಯೆ.

```gdscript
const LEASH_OUT := 300.0
const LEASH_IN := 100.0   # LEASH_OUT - SIGHT

match state:
    State.CHASE:
        if not sees or home > LEASH_OUT:
            change(State.IDLE)
    State.IDLE:
        if sees and home < LEASH_IN:
            change(State.CHASE)
```

(ಕಣ್ಣಳತೆಯನ್ನು ನಾನು ಅಷ್ಟರಲ್ಲಿ 200ಕ್ಕೇ ವಾಪಸ್ ತಂದಿದ್ದೆ. 260 ಇದ್ದಿದ್ದರೆ ಒಳಗಿನ ಗೆರೆ 40ಕ್ಕೆ ಇಳಿಯಬೇಕಿತ್ತು.)

ಈಗ ಅವನು 300ರವರೆಗೆ ಬಂದು, ಬಿಟ್ಟುಕೊಟ್ಟು, ನೆಲೆಗೆ ಹೋಗಿ ಗಸ್ತು ಮುಂದುವರಿಸುತ್ತಾನೆ. ಲಾಗ್‌ನಲ್ಲಿ ಎರಡೇ ಸಾಲು. ಆದರೆ ವಾಪಸ್ ಹೋಗುವಾಗ ಆಟಗಾರ ಬೆನ್ನ ಹಿಂದೆಯೇ ನಡೆದು ಬಂದರೂ ತಿರುಗಿ ನೋಡುತ್ತಿರಲಿಲ್ಲ. ಅದು ಚೆನ್ನಾಗಿರಲಿಲ್ಲ. 60 ಪಿಕ್ಸೆಲ್ ಒಳಗೆ ಬಂದರೆ ಒಳಗಿನ ಗೆರೆಗೆ ಕಾಯದೆ ಚೇಸ್ ಮಾಡು ಎಂದು ಒಂದು ವಿನಾಯಿತಿ ಸೇರಿಸಿದೆ. ನಡುಕ ಮರುಕ್ಷಣವೇ ವಾಪಸ್ ಬಂತು! 300ರಲ್ಲಿ ನಿಂತ ಕಾವಲುಗಾರನಿಗೂ 320ರಲ್ಲಿ ನಿಂತ ಆಟಗಾರನಿಗೂ ನಡುವೆ ಇರುವುದು 20 ಪಿಕ್ಸೆಲ್, ವಿನಾಯಿತಿ ಅಲ್ಲೇ ಅನ್ವಯಿಸಿಬಿಟ್ಟಿತು. ವಿನಾಯಿತಿಗೂ ತನ್ನದೇ ಗೆರೆ ಬೇಕು. ನೆಲೆಯಿಂದ 220ರ ಒಳಗೆ ಇದ್ದರೆ ಮಾತ್ರ ಎಂದು ಸೇರಿಸಿದೆ. ಅಲ್ಲಿಂದ ಮಿತಿಯ ಆಚೆಗೆ 80 ಪಿಕ್ಸೆಲ್‌ಗಿಂತ ಜಾಸ್ತಿ ದೂರ ಇದೆ, ಆದ್ದರಿಂದ ಹೊರಗೆ ನಿಂತವರು ಅವನನ್ನು ಕೆಣಕಲು ಆಗುವುದಿಲ್ಲ.

ಈ ದಾರಿಗೂ ಒಂದು ಕಟ್ಟುಪಾಡು ಇದೆ. ಗಸ್ತಿನ ದಾರಿ ಪೂರ್ತಿ ಒಳಗಿನ ಗೆರೆಯ ಒಳಗೇ ಇರಬೇಕು. ನನ್ನದು ನೆಲೆಯಿಂದ 80 ಪಿಕ್ಸೆಲ್ ಮೀರುವುದಿಲ್ಲ, ಹಾಗಾಗಿ ಸರಿಹೋಯಿತು. ಉದ್ದನೆಯ ಗಸ್ತಾದರೆ ದಾರಿಯ ತುದಿಯಲ್ಲಿ ಅವನು ಕುರುಡನಂತೆ ಆಗುತ್ತಾನೆ. ಅಂಥ ಕಡೆ ನೆಲೆಯಿಂದ ಅಳೆಯುವ ಬದಲು, ಚೇಸ್ ಶುರುವಾದ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಂದ ಅಳೆಯಬೇಕು.

ಇಷ್ಟಾದ ಮೇಲೂ ಇನ್ನೊಂದು ಕಡೆ ನಡುಕ ಉಳಿದಿತ್ತು. ಕಂಬಗಳ ಸಾಲಿನ ಹಿಂದೆ ಆಟಗಾರ ಓಡಿದರೆ ಕಾವಲುಗಾರ ಮತ್ತೆ ಚೇಸ್, ಐಡಲ್, ಚೇಸ್. ಇಲ್ಲಿ ಗಲಾಟೆ ಮಾಡುತ್ತಿದ್ದುದು ದೂರ ಅಲ್ಲ, ಕಣ್ಣಿನ ರೇಕಾಸ್ಟ್. ಕಿರಣ ಕಂಬಕ್ಕೆ ತಾಗಿದರೆ ಕಾಣುವುದಿಲ್ಲ, ತಾಗದಿದ್ದರೆ ಕಾಣುತ್ತದೆ. ಉತ್ತರ ಹೌದು ಅಥವಾ ಇಲ್ಲ, ಎರಡೇ. ಇಂಥದಕ್ಕೆ ಎರಡು ಗೆರೆ ಎಲ್ಲಿ ಎಳೆಯುವುದು? ಮೊದಲು ಅದನ್ನು ಏರಿಳಿಯುವ ಸಂಖ್ಯೆ ಮಾಡಬೇಕು. ಮೂರನೆಯ ಆಯ್ಕೆಯಾದ ಗುಮಾನಿ ಮೀಟರ್ ಬೇಕಾಗುವುದು ಇಲ್ಲೇ.

ಕಂಡಾಗ ಮೀಟರ್ ಸೆಕೆಂಡಿಗೆ 2.0 ಏರುತ್ತದೆ, ಕಾಣದಾಗ ಸೆಕೆಂಡಿಗೆ 0.5 ಇಳಿಯುತ್ತದೆ. 0 ಮತ್ತು 1ರ ಮಧ್ಯೆ ಕಟ್ಟಿಹಾಕಿದ್ದೇನೆ. ಇಲ್ಲದಿದ್ದರೆ ತುಂಬಾ ಹೊತ್ತು ಕಂಡ ಆಟಗಾರನನ್ನು ಮರೆಯಲು ಅವನಿಗೆ ನಿಮಿಷಗಟ್ಟಲೆ ಬೇಕಾಗುತ್ತದೆ.

```gdscript
alert += (2.0 if sees else -0.5) * delta
alert = clampf(alert, 0.0, 1.0)
```

ಮೊದಲು ಮೀಟರ್ 1.0 ಆದರೆ ಚೇಸ್, ಅದಕ್ಕಿಂತ ಕಡಿಮೆಯಾದರೆ ಐಡಲ್ ಎಂದು ಬರೆದೆ. ನಡುಕ ಹೋಗಲೇ ಇಲ್ಲ. ಮೇಲಿನ ತುದಿಯಲ್ಲಿ ಒಂದು ಫ್ರೇಮ್ ಕಾಣದಿದ್ದರೂ ಮೀಟರ್ 0.992ಕ್ಕೆ ಇಳಿಯುತ್ತದೆ, ಐಡಲ್. ಮುಂದಿನ ಫ್ರೇಮಿನಲ್ಲಿ ಕಂಡರೆ ಮತ್ತೆ 1.0, ಚೇಸ್. ಮೀಟರ್ ಇದ್ದ ಮಾತ್ರಕ್ಕೆ ಹಿಸ್ಟರೆಸಿಸ್ ಬರುವುದಿಲ್ಲ, ಅದಕ್ಕೂ ಎರಡು ಗೆರೆ ಬೇಕೇ ಬೇಕು. 1.0ರಲ್ಲಿ ಚೇಸ್, 0.3ಕ್ಕೆ ಇಳಿದ ಮೇಲೆ ಐಡಲ್ ಎಂದು ಬದಲಾಯಿಸಿದೆ. ಪೂರ್ತಿ ಮರೆಯಾದವನನ್ನು ಅವನು ಈಗ 1.4 ಸೆಕೆಂಡ್ ಹುಡುಕಿ ಬಿಡುತ್ತಾನೆ. ಬಯಲಿನಲ್ಲಿ ಕಂಡರೆ ಅರ್ಧ ಸೆಕೆಂಡಿನಲ್ಲಿ ಬೆನ್ನಟ್ಟುತ್ತಾನೆ. ಕಂಬಗಳ ಸಾಲಿನಲ್ಲಿ ಅರ್ಧದಷ್ಟು ಫ್ರೇಮುಗಳಲ್ಲಿ ಮಾತ್ರ ಕಂಡರೆ ಸುಮಾರು 1.33 ಸೆಕೆಂಡ್ ಬೇಕು. ಅಂದರೆ ಕಂಬಗಳು ಈಗ ಅರ್ಧ ಮರೆಯಂತೆ ಕೆಲಸ ಮಾಡುತ್ತವೆ. ಇದು ನಾನು ಬೇಕೆಂದು ಮಾಡಿದ್ದಲ್ಲ, ಆದರೆ ನನಗೆ ತುಂಬಾ ಇಷ್ಟವಾಯಿತು.

ಇದೇ ಜಾಗಕ್ಕೆ ಇನ್ನೂ ಸರಳ ದಾರಿ ಒಂದಿದೆ. ಕಂಡ ಕೂಡಲೇ ಚೇಸ್, ಆದರೆ ಸತತ 0.8 ಸೆಕೆಂಡ್ ಕಾಣದಿದ್ದರೆ ಮಾತ್ರ ಐಡಲ್. ಟೈಮರ್ ಬೀಗದ ಹಾಗೆ ಎರಡೂ ಕಡೆ ತಡೆಯದೆ, ಬಿಡುವ ಕಡೆ ಮಾತ್ರ ತಡೆಯುತ್ತದೆ. ಅದನ್ನೂ ಹಾಕಿ ನೋಡಿದೆ, ನಡುಕ ನಿಲ್ಲುತ್ತದೆ. ಶತ್ರುವಿನ ಗುಮಾನಿಯನ್ನು ಆಡುವವರಿಗೆ ತೋರಿಸಬೇಕಿಲ್ಲ ಎಂದಾದರೆ ನಾನು ಇದನ್ನೇ ಇಡುತ್ತಿದ್ದೆ. ಆದರೆ ಕಂಬದ ಸಂದಿಯಲ್ಲಿ ಒಂದೇ ಫ್ರೇಮ್ ಕಂಡರೂ ಪೂರ್ತಿ ಚೇಸ್ ಶುರುವಾಗುತ್ತದೆ. ಅಡಗಿಕೊಂಡು ಸಾಗುವ ಆಟದಲ್ಲಿ ಅದು ಆಡುವವರಿಗೆ ಅನ್ಯಾಯ ಅಲ್ವಾ?

ಹಾಗಾಗಿ ದೂರದ ಮಿತಿಗೆ 300 ಮತ್ತು 100ರ ಎರಡು ಗೆರೆ, ಕಣ್ಣಿಗೆ 1.0 ಮತ್ತು 0.3ರ ಮೀಟರ್ ಉಳಿಸಿಕೊಂಡೆ. ಮೇಲಿನ ಕೋಡಿನಲ್ಲಿರುವ `sees` ಜಾಗಕ್ಕೆ ಈಗ ಮೀಟರಿನ ತೀರ್ಮಾನ ಬಂದಿದೆ. ಟೈಮರ್ ಬೀಗವನ್ನು ತೆಗೆದುಹಾಕಿದೆ. `change()` ಒಳಗೆ ಹಿಂದಿನ ಬದಲಾವಣೆಯಿಂದ 0.2 ಸೆಕೆಂಡ್ ಕಳೆಯದೆ ಮತ್ತೆ ಬದಲಾದರೆ ಲಾಗ್‌ನಲ್ಲಿ ಎಚ್ಚರಿಕೆ ಬರುವ ಹಾಗೆ ಒಂದು ಸಾಲು ಇಟ್ಟಿದ್ದೇನೆ. ಅದು ಏನನ್ನೂ ತಡೆಯುವುದಿಲ್ಲ. ಹೊಸ ಷರತ್ತು ಸೇರಿಸಿದ ದಿನ ನಡುಕ ಎಲ್ಲಿ ಹುಟ್ಟಿತು ಎಂದು ತೋರಿಸುತ್ತದೆ.