ಶಾಲೆಗೆ ಜಾಗ ಹುಡುಕಲು ವೇಟೆಡ್ ಓವರ್‌ಲೇ ಸಾಕೇ, ವೇಟೆಡ್ ಸಮ್ ಬೇಕೇ?

ನಕ್ಷೆ ತಂತ್ರಾಂಶ ಆರ್ಕ್‌ಜಿಐಎಸ್‌ನ ಸ್ಪೇಷಿಯಲ್ ಅನಲಿಸ್ಟ್ ಕಲಿತವರಿಗೆ ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೋ ಊರಿನ ಅಭ್ಯಾಸ ಗೊತ್ತೇ ಇರುತ್ತದೆ. ಹೊಸ ಶಾಲೆಗೆ ಜಾಗ ಹುಡುಕಬೇಕು. ಜಾಗ ಸಮತಟ್ಟಾಗಿರಬೇಕು, ಆಟ ಮತ್ತು ವಿಹಾರದ ತಾಣಗಳಿಗೆ ಹತ್ತಿರವಿರಬೇಕು, ಈಗಿರುವ ಶಾಲೆಗಳಿಂದ ದೂರವಿರಬೇಕು, ಭೂಬಳಕೆಯೂ ಹೊಂದಬೇಕು. ನಾಲ್ಕು ಪದರಗಳನ್ನೂ 1ರಿಂದ 10ರ ಅಳತೆಗೆ ತಂದು, ಅಂದರೆ ಮರುವರ್ಗೀಕರಿಸಿ, ವಿಹಾರತಾಣಕ್ಕೆ 50, ಶಾಲೆಗಳ ದೂರಕ್ಕೆ 25, ಇಳಿಜಾರಿಗೆ 13, ಭೂಬಳಕೆಗೆ 12 ಪ್ರತಿಶತ ತೂಕ ಕೊಟ್ಟು ಕೂಡುತ್ತಾರೆ. ಈ ಕೂಡುವ ಕೆಲಸವನ್ನು ವೇಟೆಡ್ ಓವರ್‌ಲೇ ಮತ್ತು ವೇಟೆಡ್ ಸಮ್ ಎರಡೂ ಮಾಡುತ್ತವೆ. ಅದೇ ಪದರಗಳನ್ನು ಎರಡಕ್ಕೂ ಕೊಟ್ಟು ನೋಡಿದಾಗ ಎಲ್ಲಿ ದಾರಿ ಬೇರೆಯಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿದ್ದೇವೆ.

ಮೊದಲ ವ್ಯತ್ಯಾಸ ದಶಾಂಶದ್ದು. ವೇಟೆಡ್ ಓವರ್‌ಲೇ ನಕ್ಷೆಯ ಪ್ರತಿ ಚೌಕ ಕೋಶದ ಮೊತ್ತವನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ನಿಲ್ಲಿಸುತ್ತದೆ. ವೇಟೆಡ್ ಸಮ್ ದಶಾಂಶವನ್ನು ಹಾಗೇ ಉಳಿಸುತ್ತದೆ. ಕೇಳಲು ಸಣ್ಣ ಸಂಗತಿ, ಆದರೆ ಮೂರು ಕೋಶಗಳನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಮೊದಲನೆಯದು ಕಾಡು: ಇಳಿಜಾರಿಗೆ 8, ವಿಹಾರತಾಣಕ್ಕೆ 9, ಶಾಲೆಯ ದೂರಕ್ಕೆ 10, ಭೂಬಳಕೆಗೆ 4 ಅಂಕ. ಮೊತ್ತ 1.04 + 4.5 + 2.5 + 0.48 = 8.52. ಎರಡನೆಯದು ಹೊಲ: ಕ್ರಮವಾಗಿ 9, 10, 8, 9 ಅಂಕ, ಮೊತ್ತ 9.25. ಮೂರನೆಯದು ಮೊದಲನೆಯದರಂಥದೇ ಕಾಡು, ಇಳಿಜಾರು ಮಾತ್ರ ಒಂದು ಮೆಟ್ಟಿಲು ಕಡಿದು, 7 ಅಂಕ, ಮೊತ್ತ 8.39.

ಓವರ್‌ಲೇ ನಕ್ಷೆಯಲ್ಲಿ ಕಾಡಿಗೂ ಹೊಲಕ್ಕೂ ಒಂದೇ 9, ಮೂರನೆಯದಕ್ಕೆ 8. ಅಂದರೆ 0.73ರಷ್ಟು ಅಂತರವಿದ್ದ ಎರಡು ಜಾಗ ಒಂದೇ ಬಣ್ಣದಲ್ಲಿ ಕೂತವು, ಬರೀ 0.13 ಅಂತರವಿದ್ದ ಎರಡು ಬೇರೆಬೇರೆಯಾದವು. ಮುಂದೆ 9 ಮತ್ತು ಅದಕ್ಕಿಂತ ಹೆಚ್ಚಿನದನ್ನು ಆರಿಸಿದಾಗ ಮೂರನೆಯ ಕೋಶ ಬಿದ್ದುಹೋಗುತ್ತದೆ. ಅದು ಗೆರೆಯ ಎಷ್ಟು ಹತ್ತಿರದಲ್ಲಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಸಮ್‌ನಲ್ಲಿ 8.5ರ ಗೆರೆ ಎಳೆದರೆ, ನಿಷೇಧಿತ ಕೋಶಗಳನ್ನು ಹೊರಗಿಟ್ಟ ಮೇಲೆ, ಓವರ್‌ಲೇಯ ಅದೇ ಆಯ್ಕೆ ಸಿಗುತ್ತದೆ. ಆದರೆ ಅಲ್ಲಿಂದ 8.8, 9, 9.2 ಎಂದು ಗೆರೆ ಏರಿಸುತ್ತ ಯಾವ ತುಂಡು ಕೊನೆಯವರೆಗೆ ನಿಲ್ಲುತ್ತದೆ ಎಂದು ನೋಡುವ ಸೌಲಭ್ಯ ಸಮ್‌ನಲ್ಲಿ ಮಾತ್ರ ಇದೆ. ಅಂದಹಾಗೆ, 13 ಮತ್ತು 12 ಎಂಬ ವಿಚಿತ್ರ ತೂಕಗಳಿಗೂ ಇದೇ ಕಾರಣ. ಇಳಿಜಾರು, ಭೂಬಳಕೆ ಎರಡಕ್ಕೂ ಸಮನಾಗಿ 12.5 ಕೊಡಬೇಕಿತ್ತು, ಓವರ್‌ಲೇ ತೂಕದಲ್ಲೂ ದಶಾಂಶ ಒಪ್ಪುವುದಿಲ್ಲ, ಒಟ್ಟು 100 ಆಗಲೇಬೇಕು.

ಎರಡನೆಯ ವ್ಯತ್ಯಾಸದಲ್ಲಿ ಓವರ್‌ಲೇ ಗೆಲ್ಲುತ್ತದೆ, ಅದೂ ನಿಚ್ಚಳವಾಗಿ. ಅದರ ಕೋಷ್ಟಕದಲ್ಲಿ ನೀರು ಮತ್ತು ಜೌಗು ನೆಲದ ಎದುರು `Restricted` ಎಂದು ಆರಿಸಿದರೆ ಮುಗಿಯಿತು. ಉಳಿದ ಪದರಗಳು ಎಷ್ಟೇ ಅಂಕ ಕೊಟ್ಟರೂ ಆ ಕೋಶಕ್ಕೆ ಅಳತೆಯ ಕನಿಷ್ಠಕ್ಕಿಂತ ಒಂದು ಕಡಿಮೆ, ಅಂದರೆ ಇಲ್ಲಿ 0 ಬೀಳುತ್ತದೆ. ತೀರಾ ಕಡಿದಾದ ಇಳಿಜಾರಿನ 1ರಿಂದ 3ರ ವರ್ಗಗಳನ್ನೂ ಹೀಗೇ ಹೊರಗಿಡಬಹುದು.

ಸಮ್‌ಗೆ ನಿಷೇಧ ಎಂಬುದೇ ಗೊತ್ತಿಲ್ಲ. ನೀರಿಗೆ ಅತಿ ಕಡಿಮೆ ಅಂಕ ಕೊಟ್ಟರೆ ತಾನಾಗಿಯೇ ಹೊರಗೆ ಹೋಗುತ್ತದೆ ಎಂದು ನಂಬುವುದು ಇಲ್ಲಿ ಆಗುವ ದೊಡ್ಡ ತಪ್ಪು. ಕೆರೆಯ ಮೇಲ್ಮೈ ಚಪ್ಪಟೆ, ಹಾಗಾಗಿ ಇಳಿಜಾರಿಗೆ ಪೂರಾ 10. ವಿಹಾರತಾಣ ಅದರ ದಡದಲ್ಲೇ ಇದ್ದರೆ ಅದಕ್ಕೂ 10. ಶಾಲೆಗಳು ದೂರವಿದ್ದರೆ ಮತ್ತೊಂದು 10. ಭೂಬಳಕೆಗೆ 1 ಕೊಟ್ಟರೂ ಮೊತ್ತ 1.3 + 5 + 2.5 + 0.12 = 8.92, 0 ಕೊಟ್ಟರೂ 8.8. ಹೊಲದ ಪಕ್ಕದಲ್ಲಿ ಕೆರೆಯೂ ಉತ್ತಮ ನಿವೇಶನವಾಗಿ ಹೊಳೆಯುತ್ತದೆ, ಏಕೆಂದರೆ ಅದನ್ನು ತಡೆಯಬೇಕಾದ ಪದರದ ತೂಕವೇ 12. ಆದ್ದರಿಂದ ಮೊದಲು ನಿಷೇಧಿತ ಕೋಶಗಳನ್ನು ಹೊರಗಿಡುವ ಮಾಸ್ಕ್ ಮಾಡಿಕೊಂಡು, ಆಮೇಲೆ ಕೂಡಬೇಕು. ಭೂಬಳಕೆಯ ಮರುವರ್ಗೀಕರಣದಲ್ಲಿ ನೀರು ಮತ್ತು ಜೌಗಿಗೆ 0 ಕೊಟ್ಟಿದ್ದೀರಿ ಎಂದಿಟ್ಟುಕೊಂಡರೆ:

```
from arcpy.sa import *
lu = Raster("landuse_r")
sl = Raster("slope_r")
ok = Con((lu > 0) & (sl > 3), 1)
score = ok * (0.50 * Raster("rec_r") + 0.25 * Raster("school_r")
              + 0.13 * sl + 0.12 * lu)
```

ಇದು ವೇಟೆಡ್ ಸಮ್ ಮಾಡುವ ಲೆಕ್ಕವೇ, ಮಾಸ್ಕ್ ಸೇರಿಸಿ ಬರೆದದ್ದು. `Con`ಗೆ ಮೂರನೆಯ ಮೌಲ್ಯ ಕೊಟ್ಟಿಲ್ಲ, ಹಾಗಾಗಿ ನಿಷೇಧಿತ ಕೋಶಗಳು 0 ಆಗದೆ `NoData` ಆಗುತ್ತವೆ. ಮುಂದೆ ಒಂದೊಂದು ತುಂಡಿನ ಸರಾಸರಿ ಅಂಕ ತೆಗೆಯುವಾಗ ಇದು ಒಳ್ಳೆಯದು. 0 ಇದ್ದರೆ ಅದೂ ಸರಾಸರಿಯೊಳಗೆ ಸೇರಿ ಅಂಕವನ್ನು ಕೆಳಗೆಳೆಯುತ್ತದೆ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಮಾಡುವವರಿಗೂ ಇದೇ ಎಚ್ಚರಿಕೆ ಬೇಕು, ಅಲ್ಲಿ ನಡೆಯುವುದೂ ಇದೇ ನೇರ ಕೂಡಿಕೆ.

ಇನ್ನು ಎರಡೂ ಉಪಕರಣಗಳು ಸಮಾನವಾಗಿ ಮೋಸಹೋಗುವ ಜಾಗ ಒಂದಿದೆ: ಮರುವರ್ಗೀಕರಣ. ಸ್ಟೋ ದತ್ತಾಂಶದಲ್ಲಿ ಎತ್ತರ ಅಡಿಗಳಲ್ಲಿದೆ, ನೆಲದ ಅಳತೆ ಮೀಟರ್‌ಗಳಲ್ಲಿದೆ. ಇಳಿಜಾರು ತೆಗೆಯುವಾಗ `Z factor`ಗೆ 0.3048 ಕೊಡದಿದ್ದರೆ 10 ಡಿಗ್ರಿಯ ಇಳಿಜಾರು 30 ಡಿಗ್ರಿ ಎಂದು ಬರುತ್ತದೆ. ಸಮ ಅಂತರದ 10 ವರ್ಗ ಮಾಡಿದರೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಗರಿಷ್ಠವೂ ಹಿಗ್ಗಿರುತ್ತದೆ, ನಕ್ಷೆ ಎಂದಿನಂತೆ ಹತ್ತು ಬಣ್ಣದಲ್ಲೇ ಕಾಣುತ್ತದೆ. ಮರುವರ್ಗೀಕರಿಸುವ ಮೊದಲು ಇಳಿಜಾರು ಪದರದ ಗರಿಷ್ಠ ಮೌಲ್ಯವನ್ನು ನೋಡುವ ಅಭ್ಯಾಸವೊಂದೇ ಇದಕ್ಕೆ ಮದ್ದು.

ಸಮ ಅಂತರದ ಇನ್ನೊಂದು ತೊಡಕು ದೂರದ ಪದರಗಳಲ್ಲಿ. ವರ್ಗದ ಅಗಲ ನಕ್ಷೆಯೊಳಗಿನ ಗರಿಷ್ಠ ದೂರದಿಂದ ಹುಟ್ಟುತ್ತದೆ. ಗರಿಷ್ಠ 10 ಕಿ.ಮೀ. ಇದ್ದರೆ ವಿಹಾರತಾಣದಿಂದ 1 ಕಿ.ಮೀ. ವರೆಗೆ 10 ಅಂಕ. ಗಡಿ ಹಿಗ್ಗಿಸಿ ಗರಿಷ್ಠ 20 ಆದರೆ 2 ಕಿ.ಮೀ. ವರೆಗೂ 10. ಮಗು ನಡೆಯುವ ದೂರ ಬದಲಾಗಿಲ್ಲ, ಅಂಕ ಬದಲಾಯಿತು. ಶೇ 50 ತೂಕದ ಪದರದಲ್ಲಿ ಒಂದು ಅಂಕ ಎಂದರೆ ಮೊತ್ತದಲ್ಲಿ 0.5. ಓವರ್‌ಲೇಯಲ್ಲಿ ಅಷ್ಟು ಸಾಕು, ಕೋಶವೊಂದು 8ರಿಂದ 9ಕ್ಕೆ ಜಿಗಿಯಲು. ದೂರದ ಗಡಿಗಳನ್ನು ನೀವೇ ಟೈಪ್ ಮಾಡಿ. ದಿಕ್ಕನ್ನೂ ಒಮ್ಮೆ ಪರೀಕ್ಷಿಸಿ: ವಿಹಾರತಾಣದ ಮೇಲೇ ಕ್ಲಿಕ್ ಮಾಡಿದರೆ 10 ಬರಬೇಕು, ಈಗಿನ ಶಾಲೆಯ ಮೇಲೆ ಕ್ಲಿಕ್ ಮಾಡಿದರೆ 1. ತಿರುವುಮುರುವು ಬಂದರೆ `Reverse New Values` ಒತ್ತುವುದು ಮರೆತಿದೆ ಅಥವಾ ಬೇಡದ ಕಡೆ ಒತ್ತಿದೆ.

ಕೊನೆಯ ಹಂತ ಎರಡರಲ್ಲೂ ಒಂದೇ. ಗೆರೆ ದಾಟಿದ ಕೋಶಗಳನ್ನು `Con`ನಿಂದ ಆರಿಸಿ, ಮೆಜಾರಿಟಿ ಫಿಲ್ಟರ್‌ನಿಂದ ಬಿಡಿ ಕೋಶಗಳನ್ನು ಅಳಿಸಿ, ಬಹುಭುಜಗಳನ್ನಾಗಿ ಮಾಡಿ, 40,469 ಚದರ ಮೀಟರ್, ಅಂದರೆ 10 ಎಕರೆಗಿಂತ ಚಿಕ್ಕವನ್ನು ಬಿಡುತ್ತಾರೆ. 30 ಮೀಟರ್ ಕೋಶದ ಲೆಕ್ಕದಲ್ಲಿ ಒಂದು ತುಂಡಿಗೆ ಕನಿಷ್ಠ 45 ಕೋಶ ಬೇಕು. ಸಮ್‌ನಲ್ಲಿ ಗೆರೆ ಏರಿಸುವಾಗ ಈ 45ನ್ನೇ ಅಳತೆಗೋಲು ಮಾಡಿಕೊಳ್ಳಿ: ತುಂಡು 45ಕ್ಕಿಂತ ಕೆಳಗಿಳಿಯುವ ಗೆರೆಯೇ ಆ ಜಾಗದ ನಿಜವಾದ ಮಿತಿ.

ನಮ್ಮ ಆಯ್ಕೆ ಹೀಗೆ: ಊರಿನವರ ಮುಂದೆ ಹಾಸಿ ಮಾತಾಡುವ ಮೊದಲ ನಕ್ಷೆಗೆ ಓವರ್‌ಲೇ, ಏಕೆಂದರೆ ಯಾವ ಭೂಬಳಕೆಗೆ ಎಷ್ಟು ಅಂಕ, ಯಾವುದಕ್ಕೆ ನಿಷೇಧ ಎಂಬುದೆಲ್ಲ ಒಂದೇ ಕೋಷ್ಟಕದಲ್ಲಿ ಕಾಣುತ್ತದೆ. ಉಳಿದ ನಾಲ್ಕೈದು ತುಂಡುಗಳಲ್ಲಿ ಯಾವುದು ಮೇಲು ಎಂದು ಹೇಳಬೇಕಾದಾಗ ಮಾಸ್ಕ್ ಹಾಕಿದ ಸಮ್. ಓವರ್‌ಲೇಯ ಒಂದೇ ಬಣ್ಣದ 9ರ ಮೇಲೆ ಆ ತೀರ್ಮಾನ ಮಾಡಬೇಡಿ.