ಊದುಬತ್ತಿ ಪಾರ್ಸೆಲ್‌ಗೆ ಮೂರು ಬಗೆಯ ಬಾಕ್ಸ್: ಗಾಳಿಗೆ ಬಾಡಿಗೆ ತಪ್ಪಿಸಿದ್ದು ಯಾವುದು?

ಮೈಸೂರಿನಿಂದ ಕೊರಿಯರ್‌ನಲ್ಲಿ ಹೋಗುವ ಊದುಬತ್ತಿಯ ಒಂದು ಪ್ಯಾಕ್ 24 ಸೆಂ.ಮೀ. ಉದ್ದ, 6 ಅಗಲ, 4 ಎತ್ತರ, ತೂಕ 150 ಗ್ರಾಂ ಎಂದಿಟ್ಟುಕೊಳ್ಳಿ. ಆರ್ಡರ್‌ಗಳು ಬರುವುದು 4, 6 ಅಥವಾ 8 ಪ್ಯಾಕ್‌ಗಳಲ್ಲಿ. ಇದಕ್ಕೆ ಮೂರು ದಾರಿಗಳಿವೆ: ಎಲ್ಲಕ್ಕೂ ಒಂದೇ ದೊಡ್ಡ ಬಾಕ್ಸ್, ಒಂದೊಂದು ಆರ್ಡರ್‌ಗೂ ಒಂದೊಂದು ಅಳತೆಯ ಬಾಕ್ಸ್, ಇಲ್ಲವೇ ಎತ್ತರ ಕತ್ತರಿಸಿ ಇಳಿಸಬಹುದಾದ ಬಾಕ್ಸ್. ಮೂರನ್ನೂ ಪ್ಯಾಕಿಂಗ್ ಮೇಜಿನ ಮೇಲೆ ಅಳೆದು ತೂಗಿದಾಗ ಸಿಕ್ಕ ಲೆಕ್ಕ ಇಲ್ಲಿದೆ.

ಮೊದಲು ನಿಯಮ. ಬಾಕ್ಸಿನ ಹೊರ ಅಳತೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ವಾಲ್ಯೂಮೆಟ್ರಿಕ್ ತೂಕ. ಅದು ಮತ್ತು ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಿ ಬಿಲ್ ಮಾಡುತ್ತಾರೆ. ಈ ಅರ್ಧರ್ಧ ಕಿಲೋದ ಮೆಟ್ಟಿಲೇ ಸ್ಲ್ಯಾಬ್. ಅಂದರೆ 5 ಲೀಟರ್ ಜಾಗಕ್ಕೆ 1 ಕಿಲೋ ಲೆಕ್ಕ. ಮಂಡ್ಯದ ಬೆಲ್ಲ ಕಳಿಸುವವರಿಗೆ ಇದರ ಬಿಸಿ ತಟ್ಟುವುದೇ ಅಪರೂಪ, ಬೆಲ್ಲದಚ್ಚು ನೀರಿಗಿಂತ ಭಾರ. ನಮ್ಮ ಊದುಬತ್ತಿ ಪ್ಯಾಕ್ ಲೀಟರಿಗೆ ಸುಮಾರು 260 ಗ್ರಾಂ ತೂಗುತ್ತದೆ. ಗಡಿ ಇರುವುದು 200 ಗ್ರಾಂನಲ್ಲಿ, ಅದಕ್ಕಿಂತ ಹಗುರವಾದರೆ ಮಾತ್ರ ಜಾಗದ ಲೆಕ್ಕ ತಕ್ಕಡಿಯನ್ನು ಮೀರುತ್ತದೆ. ಹಾಗಾಗಿ ಸರಕು ತಾನಾಗಿ ಗಡಿಯ ಒಳಗೇ ಇದೆ. ವಾಲ್ಯೂಮೆಟ್ರಿಕ್ ತೂಕ ಜಾಸ್ತಿ ಬಂತು ಎಂದರೆ ಅದು ನಾವು ತುಂಬಿಸಿದ ಗಾಳಿಯದೇ.

ಒಂದೇ ದೊಡ್ಡ ಬಾಕ್ಸ್

30×20×18ರ ಬಾಕ್ಸ್ ಒಂದಿದ್ದರೆ ದಾಸ್ತಾನು ಸುಲಭ, ಯಾವ ಹುಡುಗನೂ ತಪ್ಪು ಬಾಕ್ಸ್ ಎತ್ತಿಕೊಳ್ಳುವುದಿಲ್ಲ. ಆದರೆ ವಾಲ್ಯೂಮೆಟ್ರಿಕ್ ತೂಕ 2.16 ಕಿಲೋ, ಬಿಲ್ ಆಗುವುದು 2.5 ಕಿಲೋ. ಒಳಗೆ 4 ಪ್ಯಾಕ್ ಇರಲಿ, 8 ಇರಲಿ, ಅದೇ ಬಿಲ್. 4 ಪ್ಯಾಕ್ ಇಟ್ಟಾಗ ಒಳಜಾಗದ ಮುಕ್ಕಾಲು ಪಾಲು ಬಬಲ್ ರ‍್ಯಾಪ್ ಅಥವಾ ಕಾಗದ. ಮುದುಡಿ ತುರುಕಿದ ಹಳೆ ಪೇಪರ್ ದಾರಿಯಲ್ಲಿ ಕುಸಿಯುತ್ತದೆ, ಆಮೇಲೆ ಪ್ಯಾಕ್‌ಗಳು ಓಡಾಡಿ ಮೂಲೆ ಜಜ್ಜಿಕೊಳ್ಳುತ್ತವೆ. ಪ್ಯಾಕ್ ಮಾಡಿದ ತಕ್ಷಣ ಅಲುಗಾಡಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಹತ್ತು ಸಲ ಬೀಳಿಸಿ, ಆಮೇಲೆ ಅಲುಗಾಡಿಸಬೇಕು: 76 ಸೆಂ.ಮೀ. ಎತ್ತರದಿಂದ ಒಂದು ಮೂಲೆ, ಮೂರು ಅಂಚು, ಆರು ಮುಖ.

ಅಳತೆಗೊಂದು ಬಾಕ್ಸ್

ಪ್ಯಾಕ್‌ಗಳನ್ನು ಎರಡೆರಡು ಪಕ್ಕಪಕ್ಕ ಇಟ್ಟರೆ ತಳ ಯಾವಾಗಲೂ 24×12. ಎತ್ತರ ಮಾತ್ರ 8, 12, 16 ಎಂದು ಬದಲಾಗುತ್ತದೆ. ಇಲ್ಲಿ ಎಡವುವುದು ಮಿಲಿಮೀಟರಿನಲ್ಲಿ.

6 ಪ್ಯಾಕಿಗೆ ಪ್ರತಿ ಅಳತೆಯಲ್ಲೂ ಅರ್ಧ ಸೆಂ.ಮೀ. ಸಡಿಲ ಬಿಟ್ಟು ಒಳ ಅಳತೆ 24.5×12.5×12.5 ಎಂದು ಹೇಳುವುದು ರೂಢಿ. 3 ಪ್ಲೈ ರಟ್ಟು ಸುಮಾರು 3 ಮಿ.ಮೀ. ದಪ್ಪ. ಉದ್ದ ಅಗಲಕ್ಕೆ ಎರಡೆರಡು ಗೋಡೆ ಸೇರಿ 6 ಮಿ.ಮೀ. ಹೆಚ್ಚುತ್ತದೆ. ಎತ್ತರಕ್ಕೆ 12 ಮಿ.ಮೀ., ಏಕೆಂದರೆ ಮೇಲೂ ಕೆಳಗೂ ಫ್ಲ್ಯಾಪ್‌ಗಳು ಎರಡು ಪದರ ಆಗುತ್ತವೆ. ಹೊರ ಅಳತೆ 25.1×13.1×13.7. ಅನೇಕ ಕೊರಿಯರ್‌ನವರು ಪ್ರತಿ ಬದಿಯನ್ನೂ ಮುಂದಿನ ಪೂರ್ಣ ಸೆಂ.ಮೀ.ಗೆ ಏರಿಸುತ್ತಾರೆ: 26×14×14. ವಾಲ್ಯೂಮೆಟ್ರಿಕ್ ತೂಕ 1.02 ಕಿಲೋ, ಬಿಲ್ 1.5 ಕಿಲೋ. ಸಡಿಲವನ್ನು 2-3 ಮಿ.ಮೀ.ಗೆ ಇಳಿಸಿ ಒಳ ಅಳತೆ 24.3×12.3×12.2 ಎಂದರೆ ಹೊರಗೆ 25×13×14ರೊಳಗೆ ಕೂರುತ್ತದೆ. ಆಗ 0.91 ಕಿಲೋ. ಎರಡು ಮಿಲಿಮೀಟರ್ ಬಿಗಿ ಮಾಡಿದ್ದಕ್ಕೆ ಒಂದು ಸ್ಲ್ಯಾಬ್ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಗಾಳಿ ಹೋದ ಮೇಲೆ ತಕ್ಕಡಿ ಮಾತಾಡುತ್ತದೆ. 6 ಪ್ಯಾಕ್ 900 ಗ್ರಾಂ. ಟೇಪು, ಲೇಬಲ್, ಬಿಲ್ಲಿನ ಕವರ್ ಸೇರಿ 12 ಗ್ರಾಂ. ಪದರಗಳು 120-100-120 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟಷ್ಟು ಗ್ರಾಂ ತೂಗುವ ಕಾಗದದ್ದಾದರೆ ಈ ಬಾಕ್ಸ್ ಸುಮಾರು 73 ಗ್ರಾಂ, ಒಟ್ಟು 985. ಗಟ್ಟಿಯಾಗಿರಲಿ ಎಂದು ಮೂರೂ ಪದರ 150 ಜಿಎಸ್‌ಎಂ ಮಾಡಿಸಿದರೆ ಬಾಕ್ಸೇ 98 ಗ್ರಾಂ, ಒಟ್ಟು 1010, ಮತ್ತೆ 1.5 ಕಿಲೋ ಬಿಲ್. ಒಂದು ಕಿಲೋ ಸರಕಿಗೆ ಆ ಗಟ್ಟಿತನ ಬೇಕಿಲ್ಲ. ಬಿಗಿಯಾಗಿ ಕೂತ ಪ್ಯಾಕ್‌ಗಳೇ ಗೋಡೆಗೆ ಆಸರೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಕೆಲವು ಗ್ರಾಂ ಏರುತ್ತದೆ, ಉಳಿದಿರುವ 15 ಗ್ರಾಂ ಅದಕ್ಕೇ ಬೇಕು.

ಇನ್ನೊಂದು ಅಪಾಯ ಉಬ್ಬು. ಟೇಪನ್ನು ಎಳೆದು ಮುಚ್ಚುವಷ್ಟು ತುಂಬಿದರೆ ಪಕ್ಕ ಮತ್ತು ಮೇಲ್ಭಾಗ ಒಂದೊಂದು ಸೆಂ.ಮೀ. ಉಬ್ಬುತ್ತವೆ. ಅಳೆಯುವ ಯಂತ್ರ ಹಿಡಿಯುವುದು ಉಬ್ಬಿನ ತುದಿಯನ್ನೇ: 25×14×15, ಅಂದರೆ 1.05 ಕಿಲೋ. ಮುಚ್ಚಿದ ಬಾಕ್ಸಿನ ಮೇಲೆ ನೇರ ಅಳತೆಪಟ್ಟಿ ಇಟ್ಟು ನೋಡಿ. ಪಟ್ಟಿ ತೊಟ್ಟಿಲಿನಂತೆ ತೂಗಿದರೆ ಉಬ್ಬಿದೆ.

ಎತ್ತರ ಇಳಿಸುವ ಬಾಕ್ಸ್

ಇದು 8 ಪ್ಯಾಕಿನ ಬಾಕ್ಸೇ, ಒಳ ಎತ್ತರ 16.2. ಗೋಡೆಯ ಮೇಲೆ 12.2 ಮತ್ತು 8.2ರಲ್ಲಿ ಹೆಚ್ಚಿನ ಮಡಿಕೆ ಗೆರೆ ಹಾಕಿಸಬೇಕು. ನಾಲ್ಕು ಮೂಲೆಯನ್ನು ಗೆರೆಯವರೆಗೆ ಸೀಳಿ ಮಡಚಿದರೆ ಎತ್ತರ ಇಳಿಯುತ್ತದೆ. ಕೇಳಲು ಸೊಗಸು. ಆದರೆ 6 ಪ್ಯಾಕಿಗೆ ಇಳಿಸಿದಾಗಲೂ ರಟ್ಟಿನ ತೂಕ 85 ಗ್ರಾಂ ಹಾಗೇ ಇರುತ್ತದೆ, ಒಟ್ಟು 997. ಮಳೆಗಾಲದಲ್ಲಿ ಇದು ದಾಟಿಬಿಡುತ್ತದೆ. 4 ಪ್ಯಾಕಿಗೆ 8 ಸೆಂ.ಮೀ. ಇಳಿಸಿದರೆ ಫ್ಲ್ಯಾಪ್ 14 ಸೆಂ.ಮೀ. ಉದ್ದವಾಗಿ 12.3ರ ಅಗಲ ಮೀರಿ ಆಚೆ ಚಾಚುತ್ತದೆ, ಅದನ್ನೂ ಕತ್ತರಿಸಬೇಕು. ಬಾಕ್ಸಿನ ಅಗಲದ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು ಎಂಬುದು ಇಲ್ಲಿಯ ಕಟ್ಟಳೆ.

ಯಾವುದು ಗೆದ್ದಿತು

ಸ್ಲ್ಯಾಬ್ ನೋಡಿದರೆ ಎರಡನೆಯದು. 4 ಮತ್ತು 6 ಪ್ಯಾಕ್ ತಲಾ 1 ಕಿಲೋ, 8 ಪ್ಯಾಕ್ 1.5 ಕಿಲೋ, ದೊಡ್ಡ ಬಾಕ್ಸಿನಲ್ಲಿ ಮೂರೂ 2.5. ಆದರೆ ಮೂರು ಅಳತೆ ಬೇಕೇ ಎಂದರೆ ಬೇಡ. 4 ಪ್ಯಾಕ್ ಎಷ್ಟು ಬಿಗಿ ಮಾಡಿದರೂ 600 ಗ್ರಾಂಗಿಂತ ಕೆಳಗೆ ಇಳಿಯದು, ಹಾಗಾಗಿ ಅರ್ಧ ಕಿಲೋ ಸ್ಲ್ಯಾಬ್ ಸಿಗುವುದಿಲ್ಲ. ಅದು 6ರ ಬಾಕ್ಸಿನಲ್ಲೇ ಹೋದರೂ ಬಾಡಿಗೆ ಅಷ್ಟೇ. ಮಿಗುವ 4 ಸೆಂ.ಮೀ. ಎತ್ತರಕ್ಕೆ ಕಾಗದ ತುರುಕುವ ಬದಲು 6ರ ಬಾಕ್ಸಿಗೇ 8.2ರಲ್ಲಿ ಒಂದು ಮಡಿಕೆ ಗೆರೆ ಹಾಕಿಸಿ. ಇಳಿಸುವುದು ಬರೀ 4 ಸೆಂ.ಮೀ., ಫ್ಲ್ಯಾಪ್ ಒಳಗೇ ಕೂರುತ್ತದೆ, ತೂಕಕ್ಕೂ ಬೇಕಾದಷ್ಟು ಜಾಗವಿದೆ. ಎರಡು ಬಾಕ್ಸ್, ಒಂದು ಗೆರೆ, ತುಂಬಲು ಏನೂ ಬೇಡ. ಹೆಬ್ಬಾಳ, ಕೂರ್ಗಳ್ಳಿ ಕಡೆಯ ಬಾಕ್ಸ್ ತಯಾರಕರಿಗೆ ಆರ್ಡರ್ ಕೊಡುವಾಗ ಒಳ ಅಳತೆಯೋ ಹೊರ ಅಳತೆಯೋ ಎಂದು ಕಾಗದದಲ್ಲಿ ಬರೆದೇ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಆ 6 ಮಿ.ಮೀ. ಯಾರ ಕಡೆಗೋ ಹೋಗುತ್ತದೆ.

ಈ ತೀರ್ಪು 5000ದ ಭಾಜಕಕ್ಕೆ ಮಾತ್ರ. ಒಪ್ಪಂದದಲ್ಲಿ 4000 ಎಂದಿದ್ದರೆ 6ರ ಬಾಕ್ಸ್ 1.14 ಕಿಲೋ ಆಗಿ 1.5ಕ್ಕೆ ಏರುತ್ತದೆ, ಬಿಗಿ ಮಾಡಿ ಉಳಿಸಲು ಜಾಗವೇ ಇಲ್ಲ. ಆಗ 4 ಪ್ಯಾಕನ್ನು ಗೆರೆಯಲ್ಲಿ ಇಳಿಸಿದರೆ 0.81, ಇಳಿಸದಿದ್ದರೆ 1.14, ಅದೇ ಗೆರೆ ಕಾಗದವನ್ನಷ್ಟೇ ಅಲ್ಲ, ಒಂದು ಸ್ಲ್ಯಾಬನ್ನೂ ಉಳಿಸುತ್ತದೆ. ಬಾಕ್ಸ್ ಮಾಡಿಸುವ ಮುನ್ನ ದರಪಟ್ಟಿಯಲ್ಲಿ ಆ ಒಂದು ಸಂಖ್ಯೆ ಹುಡುಕಿ.